ಎಡಗಡೆ ಕಂಡ ನೀಲಿ ಟ್ಯಾಂಕ್: ಬಲ್ಲಾಳರಾಯನ ದುರ್ಗದಲ್ಲಿ ದಾರಿ ತಪ್ಪಿದ ನಾಲ್ಕು ಜನ, ಒಂದು ಸೆಲ್ಫಿ

ಇದು ನವೆಂಬರ್ ಮಧ್ಯದಲ್ಲಿ ನಡೆದಿದ್ದು. ನನ್ನ ಚಿಕ್ಕಪ್ಪನ ಮಗ ಮತ್ತೆ ಅವನ ಮೂರು ಜನ ಫ್ರೆಂಡ್ಸು ಬಲ್ಲಾಳರಾಯನ ದುರ್ಗ ಹತ್ತಿ, ಅಲ್ಲಿಂದ ಬಂಡಾಜೆ ಅರ್ಬಿ ಜಲಪಾತದ ಕಡೆ ಹೋಗಿ ವಾಪಸ್ ಬರುವಾಗ ಮಂಜಲ್ಲಿ ದಾರಿ ತಪ್ಪಿದ್ರು. ನಾನು ಬೆಂಗಳೂರಲ್ಲಿದ್ದೆ. ಅವರಿಂದ ನಂಗೆ ಬಂದಿದ್ದು ಒಂದು ಫೋಟೋ, ನಲವತ್ತು ಸೆಕೆಂಡಿನ ಒಂದು ಕಾಲ್, ಆಮೇಲೆ ನಾಲ್ಕೈದು ಮೆಸೇಜು ಅಷ್ಟೇ. ಹುಡುಕೋಕೆ ಹೊರಟಿದ್ದು ಬೆಳಗ್ಗೆ ಅವರನ್ನ ಸುಂಕಸಾಲೆ ಕಡೆಯಿಂದ ಬಿಟ್ಟು ಬಂದಿದ್ದ ಜೀಪಿನಣ್ಣ, ಅವರ ಹತ್ರ ಇದ್ದಿದ್ದು ಬಟನ್ ಫೋನು, ಅದರಲ್ಲಿ ಫೋಟೋ ನೋಡೋಕೇ ಆಗಲ್ಲ. ಹಾಗಾಗಿ ಆ ಫೋಟೋದಲ್ಲಿ ಇದ್ದಿದ್ದನ್ನ ಪೂರ್ತಿ ನಾನು ಬಾಯಲ್ಲಿ ಹೇಳಿ ಅವರಿಗೆ ಕಣ್ಣಿಗೆ ಕಟ್ಟಿಸಬೇಕಿತ್ತು. ಮೊದಲನೇ ಸಲ ಹೇಳಿದ್ದು ಯಾವ ಉಪಯೋಗಕ್ಕೂ ಬರಲಿಲ್ಲ, ಎರಡನೇ ಸಲ ಹೇಳಿದ್ದು ಇನ್ನೇನು ಅವರನ್ನ ತಪ್ಪು ಗುಡ್ಡಕ್ಕೆ ಕಳಿಸ್ತಿತ್ತು. ಅದು ಹೇಗಾಯ್ತು ಅನ್ನೋದನ್ನ ಬಿಡಿಸಿ ಬರೀತಿದೀನಿ.

ಜಾಗ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ದುರ್ಗ ಇರೋದು ಘಟ್ಟದ ಅಂಚಲ್ಲಿ. ಪಶ್ಚಿಮಕ್ಕೆ ನೆಲ ಒಂದೇ ಸಲ ಕೆಳಗೆ ಬೀಳುತ್ತೆ, ಕೆಳಗಡೆ ಕಾಣೋದು ಬೆಳ್ತಂಗಡಿ ತಾಲೂಕು, ದಕ್ಷಿಣ ಕನ್ನಡ. ಪೂರ್ವಕ್ಕೆ ಹುಲ್ಲಿನ ಬೇಣ ನಿಧಾನಕ್ಕೆ ಇಳಿದು ಶೋಲಾ ಕಾಡಿಗೆ ಸೇರಿ, ಅದರ ಕೆಳಗೆ ಕಾಫಿ ತೋಟ ಶುರುವಾಗುತ್ತೆ, ಅದು ಮೂಡಿಗೆರೆ ತಾಲೂಕು. ಅಂದ್ರೆ ಬೆಟ್ಟದ ಯಾವ ಮಗ್ಗುಲಲ್ಲಿ ಇದ್ದಾರೆ ಅನ್ನೋದರ ಮೇಲೆ ಜಿಲ್ಲೆನೇ ಬದಲಾಗುತ್ತೆ, ಪೊಲೀಸ್ ಠಾಣೆ ಬದಲಾಗುತ್ತೆ, ಹುಡುಕೋರು ಹತ್ತೋ ದಾರಿನೂ ಬದಲಾಗುತ್ತೆ. ಮೇಲ್ಗಡೆ ಎಲ್ಲಾ ಬೇಣ ನೋಡೋಕೆ ಒಂದೇ ತರ. ಬೇಣದ ತುಂಬಾ ದನದ ಜಾಡು, ಜನ ನಡೆದ ದಾರಿಗಿಂತ ಅವೇ ಅಗಲ, ಅವೇ ಸವೆದಿರೋದು. ಹುಡುಗರು ಮಂಜಲ್ಲಿ ಹಿಡಿದಿದ್ದು ಅಂಥದ್ದೇ ಒಂದು ಜಾಡು, ಅದು ಗುಡ್ಡದ ಬೆನ್ನಿನ ತರ ಉದ್ದಕ್ಕೆ ಚಾಚಿರೋ ಯಾವುದೋ ಏಣಿನ ಮೇಲೆ ಇಳೀತಾ ಹೋಗಿ ಹುಲ್ಲಲ್ಲಿ ಮಾಯವಾಗಿದೆ.

ಸಂಜೆ 4:52ಕ್ಕೆ ನನ್ನ ವಾಟ್ಸಾಪ್‌ಗೆ ಫೋಟೋ ಬಂತು. ಅದರ ಹಿಂದೆನೇ ಕಾಲ್ ಬಂತು, "ಅಕ್ಕ ದಾರಿ ತಪ್ಪಿದೀವಿ, ಒಬ್ಬನ ಕಾಲು ಉಳುಕಿದೆ, ನಂದು ಬ್ಯಾಟರಿ ಹನ್ನೊಂದು ಪರ್ಸೆಂಟ್ ಇದೆ, ಅವರದ್ದೆಲ್ಲ ಆಫ್ ಆಗಿದೆ" ಅಂದ, ಕಟ್ಟಾಯ್ತು. ಲೊಕೇಶನ್ನೂ ಕಳಿಸಿದ್ದ, ಆದ್ರೆ ತೆಗೆದು ನೋಡಿದ್ರೆ ಪಿನ್ ಬಿದ್ದಿರೋದು ಕಾಫಿ ತೋಟದ ರೋಡ್ ಮೇಲೆ. ಜಿಪಿಎಸ್ ಸ್ಯಾಟಲೈಟ್ ಹಿಡಿಯೋಕೆ ಮುಂಚೆನೇ ಬಟನ್ ಒತ್ತಿಬಿಟ್ರೆ ಫೋನು ಟವರ್ ಆಧಾರದಲ್ಲಿ ಅಂದಾಜು ಜಾಗ ಕಳಿಸುತ್ತೆ, ಅದು ಕಿಲೋಮೀಟರ್‌ಗಟ್ಟಲೆ ಆಚೀಚೆ ಇರಬಹುದು. ಇನ್ನೊಂದ್ಸಲ ಕಳಿಸು ಅನ್ನೋಣ ಅಂದ್ರೆ ಅಷ್ಟೊತ್ತಿಗೆ ಡೇಟಾ ಹೋಗಿತ್ತು. ಫೋಟೋ ಒಳಗೆ ಜಾಗದ ವಿವರ ಇರುತ್ತಲ್ಲ ಅಂತ ಅದನ್ನೂ ನೋಡಿದೆ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದ್ರೆ ಅದೆಲ್ಲ ಅಳಿಸಿಹೋಗುತ್ತೆ, ಡಾಕ್ಯುಮೆಂಟ್ ಅಂತ ಕಳಿಸಿದ್ರೆ ಮಾತ್ರ ಉಳಿಯುತ್ತೆ. ಹಾಗಾಗಿ ಕೈಯಲ್ಲಿ ಉಳಿದಿದ್ದು ಚಿತ್ರ ಒಂದೇ.

ಮೊದಲು 112ಗೆ ಮಾಡಿದೆ. ನಾನು ಬೆಂಗಳೂರಿಂದ ಮಾಡ್ತಿದೀನಿ, ಸಿಕ್ಕಿಹಾಕ್ಕೊಂಡಿರೋದು ಚಿಕ್ಕಮಗಳೂರು ಜಿಲ್ಲೆ ಮೂಡಿಗೆರೆ ತಾಲೂಕಲ್ಲಿ, ಹತ್ತೋಕೆ ಶುರು ಮಾಡಿದ್ದು ಸುಂಕಸಾಲೆ ಕಡೆಯಿಂದ ಅಂತ ಮೊದಲ ಮಾತಲ್ಲೇ ಹೇಳಿದೆ, ಇಲ್ಲಾಂದ್ರೆ ಬೆಂಗಳೂರಿನ ಕೇಸ್ ಅಂದ್ಕೋತಾರೆ. ಆಮೇಲೆ ಜೀಪಿನಣ್ಣಂಗೆ ಫೋನ್ ಮಾಡಿದೆ, ಅವರ ನಂಬರ್ ಹಿಂದಿನ ರಾತ್ರಿನೇ ತಮ್ಮ ಕಳಿಸಿದ್ದ. ಪೊಲೀಸಿನವರು ಬರೋ ಹೊತ್ತಿಗೆ ಕತ್ತಲಾಗುತ್ತೆ, ನಾನು ಊರಿಂದ ಇಬ್ಬರನ್ನ ಕರ್ಕೊಂಡು ಈಗಲೇ ಹೊರಡ್ತೀನಿ, ಎಲ್ಲಿದ್ದಾರೆ ಹೇಳಿ ಅಂದ್ರು.

ನಾನು ಹೇಳಿದ್ದು ಇಷ್ಟು: "ಅಣ್ಣಾ, ಹಸಿರು ಗುಡ್ಡ ಇದೆ, ಹಿಂದೆ ಕಾಡಿದೆ, ಮೇಲೆಲ್ಲ ಮಂಜು, ದೂರದಲ್ಲಿ ಇನ್ನೊಂದು ಗುಡ್ಡ ಕಾಣುತ್ತೆ."

ಅವರು ಒಂದು ಕ್ಷಣ ಸುಮ್ಮನಿದ್ದು, "ಅಕ್ಕಾ, ಅಂಥದ್ದು ಇಲ್ಲಿ ಮುನ್ನೂರು ಇದೆ ಮಾರಾಯ್ರೆ" ಅಂದ್ರು.

ಅವರು ಹೇಳಿದ್ದು ಸರಿ. ನಾನು ಹೇಳಿದ ಒಂದು ಮಾತೂ ಆ ಬೆಟ್ಟದಲ್ಲಿ ಒಂದು ಜಾಗವನ್ನ ಇನ್ನೊಂದರಿಂದ ಬೇರೆ ಮಾಡ್ತಿರಲಿಲ್ಲ. ನಮ್ಮ ಕಣ್ಣಿಗೆ ಯಾವುದು ದೊಡ್ಡದಾಗಿ, ಚೆನ್ನಾಗಿ ಕಾಣುತ್ತೋ ಅದನ್ನೇ ಹೇಳ್ತೀವಿ. ಹುಡುಕೋರಿಗೆ ಬೇಕಿರೋದು ಅಲ್ಲಿ ಒಂದೇ ಒಂದು ಇರೋಂಥದ್ದು, ಅದು ಎಷ್ಟೇ ಸಣ್ಣದಿರಲಿ. ಅವರೇ ಒಂದೊಂದಾಗಿ ಕೇಳೋಕೆ ಶುರು ಮಾಡಿದ್ರು, ಆ ಪ್ರಶ್ನೆಗಳು ನಂಗೆ ಈಗಲೂ ಬಾಯಿಪಾಠ.

ಮೊದಲನೇದು, ಕಾಡು ಇರೋದು ಹುಡುಗರು ನಿಂತಿರೋ ಜಾಗಕ್ಕಿಂತ ಮೇಲಾ ಕೆಳಗಾ ಅಂತ. ಫೋಟೋ ನೋಡಿದೆ, ಹುಲ್ಲು ಅವರ ಕಾಲಿಂದ ಹಿಂದಕ್ಕೆ ಇಳಿದು ಹೋಗಿ ಕೆಳಗೆ ಕಪ್ಪಗೆ ಮರ ಕಾಣ್ತಿತ್ತು, ಕೆಳಗೆ ಅಂದೆ. ಎರಡನೇದು, ಮರಗಳ ತಲೆ ಹೂಕೋಸಿನ ತರ ಗುಂಡಗೆ ಒತ್ತೊತ್ತಾಗಿ ಇದೆಯಾ ಇಲ್ಲ ನೆಟ್ಟಗೆ ಸಾಲು ಹಿಡಿದಿದೆಯಾ. ಇದನ್ನ ನಾನು ಗಮನಿಸೇ ಇರಲಿಲ್ಲ. ಜೂಮ್ ಮಾಡಿದ್ರೆ ಹತ್ತಿರದ ಕಾಡು ಗುಂಡಗುಂಡಗೆ, ಅದು ಶೋಲಾ. ಅದರಾಚೆ ಎದುರಿನ ಇಳಿಜಾರಲ್ಲಿ ಮರಗಳು ಬಾಚಣಿಗೆ ಹಲ್ಲಿನ ತರ ಸಾಲಾಗಿ ನೆಟ್ಟಗೆ, ಬಣ್ಣನೂ ಸ್ವಲ್ಪ ಬೂದಿ. "ಅದು ಸಿಲ್ವರ್ ಓಕು, ತೋಟ ಅದು, ಹಂಗಾದ್ರೆ ಪೂರ್ವದ ಮಗ್ಗುಲಲ್ಲೇ ಇದ್ದಾರೆ, ಪ್ರಪಾತದ ಕಡೆ ಹೋಗಿಲ್ಲ" ಅಂದ್ರು. ಆ ಒಂದು ಮಾತಿಗೆ ಅರ್ಧ ಬೆಟ್ಟ ಲೆಕ್ಕದಿಂದ ಹೊರಗೆ ಹೋಯ್ತು. ನಂಗೆ ಅಲ್ಲೇ ಕಣ್ಣಲ್ಲಿ ನೀರು ಬಂತು, ಯಾಕಂದ್ರೆ ಅಲ್ಲಿವರೆಗೂ ನನ್ನ ತಲೇಲಿ ಇದ್ದಿದ್ದು ಆ ಅಂಚು ಒಂದೇ.

ಮೂರನೇದು, ಮನುಷ್ಯ ಮಾಡಿದ್ದು ಏನಾದ್ರೂ ಕಾಣುತ್ತಾ, ಕಂಬ, ತಂತಿ, ಶೀಟು, ಗೋಡೆ, ರೋಡು, ಏನಾದ್ರೂ ಸರಿ. ಮತ್ತೆ ಜೂಮ್ ಮಾಡಿ ಚಿತ್ರವನ್ನ ಮೇಲಿಂದ ಕೆಳಗೆ ಪಟ್ಟಿ ಪಟ್ಟಿಯಾಗಿ ನೋಡ್ತಾ ಬಂದೆ. ಸಿಲ್ವರ್ ಓಕ್ ಸಾಲಿನ ಕೆಳಗೆ ತುಕ್ಕು ಹಿಡಿದ ಶೀಟಿನ ಒಂದು ಶೆಡ್ಡು, ಅದರ ಪಕ್ಕ ಒಂದು ನೀಲಿ ಚುಕ್ಕೆ. ತುಂಬಾ ಜೂಮ್ ಮಾಡಿದ್ರೆ ಚೌಕ ಚೌಕ ಒಡೆದು ಏನೂ ಗೊತ್ತಾಗಲ್ಲ, ಸ್ವಲ್ಪ ಕಮ್ಮಿ ಮಾಡಿ ಫೋನ್ ದೂರ ಹಿಡಿದು ನೋಡಿದಾಗ ಅದು ನೀರಿನ ಟ್ಯಾಂಕು ಅಂತ ಗೊತ್ತಾಯ್ತು.

"ಕೆಂಪು ಶೀಟು, ನೀಲಿ ಟ್ಯಾಂಕು" ಅಂದಿದ್ದೇ ತಡ ಅವರ ದನಿನೇ ಬದಲಾಯ್ತು. ಆ ಶೆಡ್ ಅವರಿಗೆ ಗೊತ್ತು. ಆದ್ರೆ ಅದು ಒಂದು ಕಣಿವೆಯ ನಡುವೆ ಇದೆ, ಕಣಿವೆಗೆ ಬಡಗಲಲ್ಲಿ ಒಂದು ಏಣು, ತೆಂಕಲಲ್ಲಿ ಒಂದು ಏಣು, ಎರಡರ ಮೇಲಿಂದಲೂ ಶೆಡ್ ಕಾಣುತ್ತಂತೆ, ಎರಡರ ಮೇಲೂ ದನದ ಜಾಡು ಇದೆಯಂತೆ. ನಡುವೆ ಶೋಲಾ, ಹಳ್ಳ. ರಾತ್ರಿ ಒಂದರ ಮೇಲೆ ಹತ್ತಿ ಅಲ್ಲಿಲ್ಲ ಅಂತ ಗೊತ್ತಾದ್ರೆ ಇಳಿದು ಬಂದು ಇನ್ನೊಂದಕ್ಕೆ ಹತ್ತೋಕೆ ಎರಡು ಗಂಟೆ ಮೇಲೆ ಬೇಕು. ಅದಕ್ಕೆ ಅವರು ನಾಲ್ಕನೇ ಪ್ರಶ್ನೆ ಕೇಳಿದ್ರು: "ಟ್ಯಾಂಕು ಶೆಡ್ಡಿನ ಎಡಗಡೆ ಕಾಣುತ್ತಾ ಬಲಗಡೆ ಕಾಣುತ್ತಾ?"

ಎಂಥ ಒಳ್ಳೆ ಪ್ರಶ್ನೆ ನೋಡಿ. ಟ್ಯಾಂಕ್ ಇರೋದು ಶೆಡ್ಡಿಗೆ ಪೂರ್ವಕ್ಕೆ. ಬಡಗಣ ಏಣಿನ ಮೇಲೆ ನಿಂತು ದಕ್ಷಿಣಕ್ಕೆ ನೋಡಿದ್ರೆ ಪೂರ್ವ ಎಡಗೈ ಕಡೆ ಬರುತ್ತೆ, ಟ್ಯಾಂಕ್ ಎಡಕ್ಕೆ ಕಾಣುತ್ತೆ. ತೆಂಕಣ ಏಣಿಂದ ಉತ್ತರಕ್ಕೆ ನೋಡಿದ್ರೆ ಅದೇ ಟ್ಯಾಂಕ್ ಬಲಕ್ಕೆ. ಎರಡು ವಸ್ತುಗಳಲ್ಲಿ ಯಾವುದು ಯಾವ ಕಡೆ ಅಂತ ಗೊತ್ತಾದ್ರೆ ನೋಡೋನು ಎಲ್ಲಿ ನಿಂತಿದ್ದಾನೆ ಅಂತ ಗೊತ್ತಾಗಿಬಿಡುತ್ತೆ.

ಫೋಟೋದಲ್ಲಿ ಟ್ಯಾಂಕ್ ಎಡಗಡೆ ಇತ್ತು. ಎಡಗಡೆ ಅಂದೆ. "ಹಂಗಾದ್ರೆ ಬಡಗಣ ಏಣು, ಹೊರಟೆ" ಅಂತ ಫೋನ್ ಇಟ್ರು.

ತಮ್ಮಂಗೂ ಒಂದು ಮೆಸೇಜ್ ಹಾಕಿದೆ, ಸಾದಾ ಎಸ್ಸೆಮ್ಮೆಸ್, ಕಾಲ್ ಹೋಗದೇ ಇರೋ ಕಡೆನೂ ಅದು ಒಂದೊಂದು ಸಲ ನುಸುಳಿ ಹೋಗುತ್ತೆ. ಕನ್ನಡದಲ್ಲಿ ಬರೆದ್ರೆ ಒಂದು ಮೆಸೇಜಿಗೆ 70 ಅಕ್ಷರ ಅಷ್ಟೇ, ಅದಕ್ಕಿಂತ ಉದ್ದ ಆದ್ರೆ ತುಂಡಾಗಿ ಹೋಗುತ್ತೆ, ಸಿಗ್ನಲ್ ಇಲ್ಲದ ಕಡೆ ಒಂದು ತುಂಡು ಬಂದು ಇನ್ನೊಂದು ಬರದೇ ಇರಬಹುದು, ಅದಕ್ಕೆ ಚಿಕ್ಕದಾಗಿ ಬರೆದೆ: "ಅಲ್ಲೇ ಇರಿ. ಇಳೀಬೇಡಿ. ಜೀಪಿನಣ್ಣ ಬರ್ತಿದಾರೆ. ಶೆಡ್ ಈಗ ಕಾಣುತ್ತಾ?" ಉತ್ತರ ಬರೋಕೆ ಆರು ನಿಮಿಷ ಆಯ್ತು. ಕಾಣಲ್ಲ, ಫೋಟೋ ತೆಗೆದಾಗ ಎರಡು ನಿಮಿಷ ಮಂಜು ಸರಿದಿತ್ತು, ಈಗ ಹತ್ತು ಅಡಿ ಆಚೆ ಏನೂ ಕಾಣಲ್ಲ ಅಂತ. ಫೋಟೋ ತೆಗೆದಿದ್ದು ಎಷ್ಟೊತ್ತಿಗೆ ಅಂತ ಕೇಳಿದ್ದಕ್ಕೆ 4:38 ಅಂತ ಬಂತು. ಟ್ಯಾಂಕ್ ಯಾವ ಕಡೆ ಇತ್ತು ಅಂತನೂ ಕೇಳಿದೆ, "ಎಡಗಡೆ" ಅಂದ. ನಂಗೆ ಸಮಾಧಾನ ಆಯ್ತು. ಅವನು ಕಣ್ಣಾರೆ ಕಂಡಿದ್ದು ನೆನೆಸ್ಕೊಂಡು ಹೇಳಲಿಲ್ಲ, ತನ್ನ ಫೋನಲ್ಲಿದ್ದ ಅದೇ ಫೋಟೋ ತೆಗೆದು ನೋಡಿ ಹೇಳಿದ್ದ ಅಂತ ಆಮೇಲೆ ಗೊತ್ತಾಯ್ತು. ಒಂದೇ ಸಾಕ್ಷಿಯನ್ನ ಎರಡು ಸಲ ಕೇಳಿ ಎರಡು ಸಾಕ್ಷಿ ಅಂದ್ಕೊಂಡಿದ್ದೆ ನಾನು.

ಕೂರೋಕೆ ಆಗದೇ ಫೋಟೋನೇ ನೋಡ್ತಾ ಇದ್ದೆ. ಮೂರನೇ ಸಲವೋ ನಾಲ್ಕನೇ ಸಲವೋ ಹುಡುಗರ ಮುಖದ ಹತ್ರ ಜೂಮ್ ಮಾಡಿದಾಗ ಒಬ್ಬನ ಟೀ ಶರ್ಟಿನ ಎದೆ ಮೇಲಿದ್ದ ಅಕ್ಷರ ಓದೋಕೆ ಆಗಲಿಲ್ಲ. ಬೇರೆ ಯಾವುದೋ ಭಾಷೆ ಅನ್ಕೊಂಡೆ ಮೊದಲು. ಆಮೇಲೆ ನೋಡಿದ್ರೆ ಅದು ಇಂಗ್ಲಿಷೇ, ಉಲ್ಟಾ, ಕನ್ನಡೀಲಿ ಕಂಡಂಗೆ.

ಎದೆ ಧಸಕ್ ಅಂತು. ಅದು ಸೆಲ್ಫಿ. ಮುಂದಿನ ಕ್ಯಾಮೆರಾ ಸ್ಕ್ರೀನ್ ಮೇಲೆ ನಮ್ಮನ್ನ ಕನ್ನಡಿ ತರ ತೋರಿಸುತ್ತೆ, ಕೆಲವು ಫೋನು ಸೇವ್ ಮಾಡುವಾಗ ತಿರುಗಿಸಿ ಸರಿ ಮಾಡುತ್ತೆ, ಕೆಲವು ಕಂಡ ಹಾಗೇ ಉಲ್ಟಾನೇ ಇಡುತ್ತೆ, ಅದು ಸೆಟ್ಟಿಂಗ್ ಮೇಲೆ ಹೋಗುತ್ತೆ. ಇವನ ಫೋನು ಉಲ್ಟಾ ಇಡೋದು. ಅಂದ್ರೆ ಫೋಟೋದಲ್ಲಿ ಎಡಕ್ಕೆ ಕಾಣೋ ಟ್ಯಾಂಕ್ ನಿಜಕ್ಕೂ ಬಲಕ್ಕಿದೆ, ಅವರಿರೋದು ತೆಂಕಣ ಏಣಿನ ಮೇಲೆ.

ಆದ್ರೂ ಒಂದು ಟೀ ಶರ್ಟ್ ನಂಬಿ ಹೇಳೋಕೆ ಧೈರ್ಯ ಸಾಲಲಿಲ್ಲ, ಬೇರೆ ಏನಾದ್ರೂ ಅದನ್ನೇ ಹೇಳುತ್ತಾ ಅಂತ ನೋಡಿದೆ. ಬಿಸಿಲು ಇತ್ತು ಫೋಟೋದಲ್ಲಿ, ಮಂಜು ಸರಿದಾಗ ಬಿದ್ದಿದ್ದು. ನವೆಂಬರ್ ಮಧ್ಯ ಅಲ್ಲಿ ಸೂರ್ಯ ಮುಳುಗೋದು ಸುಮಾರು 6 ಗಂಟೆಗೆ, 4:38ಕ್ಕೆ ಅವನಿರೋದು ಪಶ್ಚಿಮಕ್ಕೆ, ನೆಟ್ಟಗೆ ಪಶ್ಚಿಮಕ್ಕಲ್ಲ, ಚಳಿಗಾಲ ಆದ್ದರಿಂದ ಸ್ವಲ್ಪ ದಕ್ಷಿಣಕ್ಕೆ ವಾಲ್ಕೊಂಡು. ಅವರು ಬಡಗಣ ಏಣಿನ ಮೇಲಿದ್ದು ಕ್ಯಾಮೆರಾ ದಕ್ಷಿಣಕ್ಕೆ ನೋಡ್ತಿದ್ರೆ ಹುಡುಗರ ಮುಖ ಉತ್ತರಕ್ಕೆ ಇರಬೇಕು, ಬಿಸಿಲು ಅವರ ಬೆನ್ನಿನ ಕಡೆಯಿಂದ ಬರಬೇಕು, ಮುಖ ಕಪ್ಪಗೆ ಬರಬೇಕು, ನೆರಳು ಕ್ಯಾಮೆರಾ ಕಡೆಗೆ ಬೀಳಬೇಕು. ತೆಂಕಣ ಏಣಿನ ಮೇಲಿದ್ರೆ ಮುಖ ದಕ್ಷಿಣಕ್ಕೆ, ಬಿಸಿಲು ಓರೆಯಾಗಿ ಮುಖಕ್ಕೇ ಬೀಳಬೇಕು, ನೆರಳು ಅವರ ಹಿಂದಕ್ಕೆ ಹೋಗಬೇಕು. ಫೋಟೋದಲ್ಲಿ ನಾಲ್ಕೂ ಜನ ಬಿಸಿಲಿಗೆ ಕಣ್ಣು ಕಿರಿದು ಮಾಡ್ಕೊಂಡು ನಿಂತಿದ್ರು, ಉದ್ದನೆ ನೆರಳು ಹಿಂದೆ ಹುಲ್ಲಿನ ಮೇಲೆ ಮಲಗಿತ್ತು. ಇಲ್ಲಿ ಒಂದು ವಿಷಯ ಗಮನಿಸಿ, ನೆರಳು ಎಡಕ್ಕೆ ಬಿದ್ದಿದೆಯಾ ಬಲಕ್ಕಾ ಅನ್ನೋದು ಉಲ್ಟಾ ಫೋಟೋದಲ್ಲಿ ಅದೂ ಉಲ್ಟಾ ಆಗಿರುತ್ತೆ, ಅದನ್ನ ನಂಬೋ ಹಾಗಿಲ್ಲ. ಹಿಂದಕ್ಕಾ ಮುಂದಕ್ಕಾ ಅನ್ನೋದು ಮಾತ್ರ ಕನ್ನಡಿಯಲ್ಲಿ ಬದಲಾಗಲ್ಲ.

ಜೀಪಿನಣ್ಣಂಗೆ ಮೂರು ಸಲ ಮಾಡಿದ ಮೇಲೆ ಲೈನ್ ಸಿಕ್ತು. ಅವರು ಇನ್ನೂ ತೋಟದ ಗೇಟಲ್ಲೇ ಇದ್ರು, ದೇವರು ದೊಡ್ಡವನು, ಅಲ್ಲಿಂದಲೇ ಎರಡು ಏಣಿಗೂ ದಾರಿ ಕವಲೊಡೆಯೋದು. ಈ ಸಲ ಉದ್ದ ಹೇಳಲಿಲ್ಲ. "ಅಣ್ಣಾ, ನಾನು ಹೇಳಿದ್ದು ತಪ್ಪು. ಫೋಟೋ ಕನ್ನಡಿ ತರ ಉಲ್ಟಾ ಬಂದಿದೆ. ಟ್ಯಾಂಕು ಶೆಡ್ಡಿನ ಬಲಗಡೆ. ಬಿಸಿಲು ಹುಡುಗರ ಮುಖಕ್ಕೆ ಬಿದ್ದಿದೆ, ಅವರು ಶೆಡ್ಡಿಗೆ ಬೆನ್ನು ಹಾಕಿ ನಿಂತಿದ್ದಾರೆ. ತೆಂಕಣ ಏಣು." ಆಮೇಲೆ ನಾನು ಹೇಳಿದ್ದನ್ನ ಅವರ ಬಾಯಲ್ಲೇ ಒಂದ್ಸಲ ಹೇಳಿಸಿದೆ. ಅವರು ಹೇಳಿದ್ರು, "ಟ್ಯಾಂಕು ಬಲಕ್ಕೆ, ಬಿಸಿಲು ಮುಖಕ್ಕೆ, ತೆಂಕಣ ಏಣು. ಸರಿ. ಎಷ್ಟು ದೂರ ಕಾಣುತ್ತೆ ಶೆಡ್ಡು?"

ಇದಕ್ಕೆ ನಾನು ಎರಡು ಮೂರು ಕಿಲೋಮೀಟರ್ ಅಂದೆ, ಅದೂ ತಪ್ಪು. ಸೆಲ್ಫಿ ಕ್ಯಾಮೆರಾ ಅಗಲ ಜಾಸ್ತಿ ಹಿಡಿಯುತ್ತೆ, ಹಿಂದೆ ಇರೋದೆಲ್ಲ ಚಿಕ್ಕದಾಗಿ, ಇರೋದಕ್ಕಿಂತ ದೂರ ಕಾಣುತ್ತೆ. ಪುಣ್ಯಕ್ಕೆ ಅವರು ನನ್ನ ಲೆಕ್ಕ ಹಿಡೀಲಿಲ್ಲ, ಬದಲಿಗೆ ಶೆಡ್ಡಿನ ಬಾಗಿಲು ಕಾಣುತ್ತಾ ಅಂತ ಕೇಳಿದ್ರು. ಕಪ್ಪಗೆ ಒಂದು ಚೌಕ ಇತ್ತು. ಬಾಗಿಲು ಗೊತ್ತಾಗುತ್ತೆ ಅಂದ್ರೆ ಒಂದು ಕಿಲೋಮೀಟರ್ ಒಳಗೇ ಇದ್ದಾರೆ, ಏಣಿನ ತುದಿಯಲ್ಲಿಲ್ಲ, ಅರ್ಧಕ್ಕೆ ಇಳಿದಿದ್ದಾರೆ ಅಂತ ಅವರೇ ಲೆಕ್ಕ ಹಾಕಿದ್ರು.

6:20ಕ್ಕೆ ಕೆಳಗಿಂದ ಜೀಪ್ ಹಾರನ್ ಮೂರು ಸಲ ಹೊಡೆದ್ರು, ತಮ್ಮಂಗೆ ನಾನು ಮೆಸೇಜಲ್ಲಿ ಕೇಳಿದೆ, "ಕೇಳ್ತು" ಅಂತ ಬಂತು. ಯಾವ ಕಡೆಯಿಂದ ಕೇಳ್ತು ಅಂತ ಕೇಳಬೇಡಿ ಅಂತ ಜೀಪಿನಣ್ಣ ಮೊದಲೇ ಹೇಳಿದ್ರು, ಕಣಿವೆಯಲ್ಲಿ ಸದ್ದು ಗೋಡೆಗೆ ಬಡಿದು ಬರುತ್ತೆ, ಆ ಸದ್ದಿನ ಹಿಂದೆ ನಡೆದುಬಿಟ್ರೆ ಹುಡುಗರು ಹಳ್ಳಕ್ಕೆ ಇಳೀತಾರೆ ಅಂತ. ಹಳ್ಳ ಹಿಡಿದು ಇಳಿದ್ರೆ ಊರು ಸಿಗುತ್ತೆ ಅಂತ ಎಲ್ಲರೂ ಹೇಳ್ತಾರಲ್ಲ, ಇಲ್ಲಿ ಅದು ಕೆಲಸಕ್ಕೆ ಬರಲ್ಲ, ಹಳ್ಳದಲ್ಲಿ ಅಲ್ಲಲ್ಲಿ ನೀರು ಧುಮುಕೋ ಜಾಗ ಇದೆ, ರಾತ್ರಿ ಅದು ಕಾಲಿಗೆ ಸಿಕ್ಕ ಮೇಲೆನೇ ಗೊತ್ತಾಗೋದು. ಆಮೇಲೆ ಬ್ಯಾಟರಿ ಉಳಿಸೋಕೆ ಫೋನ್ ಆಫ್ ಮಾಡಿ, ಅರ್ಧ ಗಂಟೆಗೊಮ್ಮೆ ಆನ್ ಮಾಡು ಅಂತ ಹೇಳಿದೆ.

ಏಳೂವರೆಗೆ ಸಿಕ್ಕಿದ್ರು. ಏಣಿನ ಅರ್ಧದಲ್ಲಿ, ಒಂದು ಬಂಡೆ ಮರೆಗೆ ನಾಲ್ಕೂ ಜನ ಒತ್ತಿ ಕೂತಿದ್ರಂತೆ, ಕಾಲು ಉಳುಕಿದವನ ಶೂ ಬಿಚ್ಚಿದ್ರೆ ತುಂಬಾ ಇಂಬಳ. ಅವನನ್ನ ಇಬ್ಬರು ಹೆಗಲು ಕೊಟ್ಟು ಇಳಿಸಿದ್ರು, ತೋಟದ ಗೇಟಿಗೆ ಬರೋ ಹೊತ್ತಿಗೆ ಪೊಲೀಸಿನವರೂ ಬಂದಿದ್ರು.

ಮಾರನೇ ದಿನ ಬೆಳಗ್ಗೆ ನಾನೂ ಅಲ್ಲಿಗೆ ಹೋದೆ. ಜೀಪಿನಣ್ಣನ ಮನೆ ಜಗಲಿ ಮೇಲೆ ಕೂತು ಕಾಫಿ ಕುಡೀತಾ ನನ್ನ ಫೋನಲ್ಲಿ ಆ ಫೋಟೋ ತೋರಿಸಿದೆ, ಅವರು ಅದನ್ನ ನೋಡಿದ್ದು ಅದೇ ಮೊದಲು. ಶೆಡ್ ಕಡೆ ಅವರು ನೋಡಲೇ ಇಲ್ಲ. ಬೆರಳಿಟ್ಟಿದ್ದು ತೀರಾ ಬಲಕ್ಕಿದ್ದ ಹುಡುಗನ ಮೊಣಕಾಲ ಹಿಂದೆ, ಹುಲ್ಲಲ್ಲಿ ಮುಚ್ಚಿಹೋಗಿದ್ದ ಒಂದು ಸಣ್ಣ ಕಲ್ಲಿನ ಮೇಲೆ. ಸುಣ್ಣ ಬಳಿದ ಕಲ್ಲು, ಮೇಲೆ ಕಪ್ಪಗೆ ಏನೋ ನಂಬರು. ನಾನು ಫೋಟೋ ನೋಡಿದಷ್ಟು ಸಲವೂ ದೂರದ್ದನ್ನೇ ಹುಡುಕಿದ್ದೆ, ಕಾಲ ಬುಡದಲ್ಲಿ ಏನಿದೆ ಅಂತ ಒಂದ್ಸಲನೂ ನೋಡಿರಲಿಲ್ಲ.

"ಇದು ಫಾರೆಸ್ಟಿನವರ ಗಡಿಕಲ್ಲು ಅಕ್ಕ" ಅಂದ್ರು. "ಈ ನಂಬರ್ ಒಂದು ಹೇಳಿದ್ದಿದ್ರೆ ಟ್ಯಾಂಕೂ ಬೇಡ ಬಿಸಿಲೂ ಬೇಡ, ವಾಚರ್ ನೆಟ್ಟಗೆ ಅಲ್ಲಿಗೇ ಕರ್ಕೊಂಡು ಹೋಗ್ತಿದ್ದ."